ಹಾಲು ಬಿಡಿಸಿದರೆ ಸಾಲದು, ಸುಣ್ಣದಂಶದ ಲೆಕ್ಕವೂ ಬೇಕು

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯಲ್ಲಿ ಹಸು ಇಲ್ಲದ ರೈತನ ಮನೆ ಅಪರೂಪ. ಮಗು ಎದೆಹಾಲಿನ ಜೊತೆಗೆ ಬೇರೆ ಆಹಾರ ತಿನ್ನತೊಡಗಿದ ಕೂಡಲೇ ಲೋಟದಲ್ಲಿ ಹಸುವಿನ ಹಾಲು ಬರುತ್ತದೆ. ಹೆಚ್ಚಿನ ಮಕ್ಕಳಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಕೆಲವು ಮಕ್ಕಳ ದೇಹ ಆ ಹಾಲಿನಲ್ಲಿರುವ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಶತ್ರುವೆಂದು ತಿಳಿದು ಎದುರಿಸುತ್ತದೆ. ಇದೇ ಹಸುವಿನ ಹಾಲಿನ ಅಲರ್ಜಿ. ಅಂಥ ಮಗುವನ್ನು ವೈದ್ಯರ ಬಳಿ ಕರೆದೊಯ್ದಾಗ ಚೀಟಿಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಸಾಲು: ಹಾಲು ನಿಲ್ಲಿಸಿ. ಆ ಸಾಲು ಅರ್ಧ ಚಿಕಿತ್ಸೆ ಮಾತ್ರ ಎಂಬುದು ನಮ್ಮ ಅಭಿಪ್ರಾಯ. ಹಾಲಿನ ಜೊತೆಗೆ ಮಗುವಿನ ತಟ್ಟೆಯಿಂದ ಎದ್ದುಹೋಗುವ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಎಷ್ಟು, ಅದು ಇನ್ನು ಮುಂದೆ ಎಲ್ಲಿಂದ ಬರುತ್ತದೆ ಎಂಬುದನ್ನು ಅದೇ ಚೀಟಿಯ ಕೆಳಗೆ ಬರೆಯದಿದ್ದರೆ ಒಂದು ರೋಗ ಕಳೆದು ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಮೊದಲು ಅಲರ್ಜಿ ಹೌದೇ ಎಂದು ತಿಳಿಯಬೇಕು

ಈ ಅಲರ್ಜಿ ಎರಡು ಬಗೆಯದು. ಮೊದಲನೆಯದು ಕೂಡಲೇ ಕಾಣಿಸುವುದು. ಹಾಲು ಕುಡಿದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂದೆ ಏಳುತ್ತದೆ, ತುಟಿ ಕಣ್ಣು ಊದುತ್ತವೆ, ವಾಂತಿಯಾಗುತ್ತದೆ, ಕೆಲವೊಮ್ಮೆ ಉಸಿರು ಕಟ್ಟುತ್ತದೆ. ಇದು ಅಪಾಯದ ಬಗೆ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮಗು ಸುಸ್ತಾಗಿ ಜೋತುಬಿದ್ದರೆ ಮನೆಮದ್ದಿಗೆ ಕೈಹಾಕದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಎರಡನೆಯದು ನಿಧಾನದ್ದು. ಗಂಟೆಗಳ ಮೇಲೆ, ಕೆಲವೊಮ್ಮೆ ಒಂದೆರಡು ದಿನಗಳ ಮೇಲೆ, ಭೇದಿ, ಮಲದಲ್ಲಿ ರಕ್ತದ ಎಳೆ, ಕೆನ್ನೆ ಮತ್ತು ಕೈಕಾಲಿನ ಮಡಿಕೆಗಳಲ್ಲಿ ಇಸುಬು, ತೂಕ ಏರದಿರುವುದು, ಇವು ಕಾಣಿಸುತ್ತವೆ.

ಮೊದಲ ಬಗೆಯನ್ನು ಗುರುತಿಸಲು ಚರ್ಮದ ಮೇಲಿನ ಚುಚ್ಚು ಪರೀಕ್ಷೆ ಮತ್ತು ರಕ್ತ ಪರೀಕ್ಷೆ ನೆರವಾಗುತ್ತವೆ. ನಿಧಾನದ ಬಗೆಗೆ ಅಂಥ ರಕ್ತ ಪರೀಕ್ಷೆ ಇಲ್ಲ. ಅಲ್ಲಿ ನಂಬಬಹುದಾದ ಪರೀಕ್ಷೆ ಒಂದೇ: ವೈದ್ಯರು ಹೇಳಿದಂತೆ ಎರಡರಿಂದ ನಾಲ್ಕು ವಾರ ಹಾಲನ್ನು ಪೂರ್ತಿ ಬಿಡಿಸಿ, ಮಗು ಗುಣವಾಯಿತೇ ನೋಡಿ, ಅನಂತರ ಅವರ ಸಲಹೆಯಂತೆ ಮತ್ತೆ ಹಾಲು ಕೊಟ್ಟು ತೊಂದರೆ ಮರಳುವುದೇ ನೋಡುವುದು. ಈ ಎರಡನೆಯ ಹೆಜ್ಜೆಯನ್ನು ಬಹಳ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಮಗು ಗುಣವಾಯಿತಲ್ಲ, ಮತ್ತೆ ಯಾಕೆ ಕೆಣಕುವುದು ಎಂಬ ಅಂಜಿಕೆ ಸಹಜವೇ. ಆದರೆ ಭೇದಿ ತಾನಾಗಿಯೇ ನಿಂತಿರಬಹುದು. ಮತ್ತೆ ಕೊಟ್ಟು ನೋಡದಿದ್ದರೆ ಅಲರ್ಜಿಯೇ ಇಲ್ಲದ ಮಗು ವರ್ಷಗಟ್ಟಲೆ ಹಾಲಿಲ್ಲದೆ ಬೆಳೆಯಬೇಕಾಗುತ್ತದೆ. ಕೂಡಲೇ ಕಾಣಿಸುವ ಬಗೆಯಲ್ಲಿ ಮಾತ್ರ ಈ ಮರುಪರೀಕ್ಷೆಯನ್ನು ಮನೆಯಲ್ಲಿ ಎಂದಿಗೂ ಮಾಡಬಾರದು. ಅದು ಆಸ್ಪತ್ರೆಯ ಕೆಲಸ.

ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಬೇರೆ ತೊಂದರೆ. ಅದಕ್ಕೆಂದು ಅಂಗಡಿಯಲ್ಲಿ ಸಿಗುವ ಲ್ಯಾಕ್ಟೋಸ್ ತೆಗೆದ ಹಾಲು ಅಲರ್ಜಿಯ ಮಗುವಿಗೆ ಸಲ್ಲದು. ಸಕ್ಕರೆ ಹೋದರೂ ಪ್ರೋಟೀನು ಅದರಲ್ಲಿ ಹಾಗೆಯೇ ಇರುತ್ತದೆ.

ಯಾವುದನ್ನೆಲ್ಲ ಬಿಡಿಸಬೇಕು

ಹಸುವಿನ ಹಾಲು ಆಗದಿದ್ದರೆ ಮೇಕೆ ಹಾಲು ಕೊಡಿ ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. ಇದು ಪ್ರೀತಿಯಿಂದ ಬಂದ ಸಲಹೆ, ಆದರೆ ಸರಿಯಲ್ಲ. ಮೇಕೆ, ಕುರಿ, ಎಮ್ಮೆಗಳ ಹಾಲಿನ ಪ್ರೋಟೀನು ಹಸುವಿನ ಹಾಲಿನ ಪ್ರೋಟೀನಿಗೆ ಬಹಳ ಹತ್ತಿರದ್ದು. ಹಸುವಿನ ಹಾಲು ಆಗದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಮೇಕೆ ಹಾಲೂ ಆಗುವುದಿಲ್ಲ. ನಾಟಿ ಹಸುವಿನ ಹಾಲಾದರೆ ತೊಂದರೆಯಿಲ್ಲ ಎಂಬ ಮಾತೂ ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಈ ಅಲರ್ಜಿಯ ಮಟ್ಟಿಗೆ ನಾಟಿ ಹಸು, ಸೀಮೆ ಹಸು ಎಂಬ ಭೇದವಿಲ್ಲ. ಕಾಯಿಸಿದ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರು ಎಲ್ಲವೂ ಹಾಲೇ. ತುಪ್ಪದಲ್ಲಿ ಪ್ರೋಟೀನು ಅತಿ ಸ್ವಲ್ಪ ಉಳಿದಿರುತ್ತದೆ. ಆದರೂ ವೈದ್ಯರು ಒಪ್ಪುವವರೆಗೆ ಅದನ್ನೂ ಬಿಡುವುದು ಕ್ಷೇಮ. ಹಸು ಕರು ಹಾಕಿದಾಗ ಮಾಡುವ ಗಿಣ್ಣಿನಲ್ಲಂತೂ ಸಾಮಾನ್ಯ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರೋಟೀನು ಇರುತ್ತದೆ. ಪಕ್ಕದ ಮನೆಯಿಂದ ಬಂದ ಒಂದು ತುಣುಕು ಗಿಣ್ಣನ್ನು ಮಗುವಿನ ಬಾಯಿಗಿಡುವ ಮುನ್ನ ಇದು ನೆನಪಿರಲಿ.

ಅಂಗಡಿಯ ತಿಂಡಿಗಳಲ್ಲಿ ಹಾಲು ಅಡಗಿರುತ್ತದೆ. ಬಿಸ್ಕತ್ತು, ಬನ್ನು, ಬ್ರೆಡ್ಡು, ಚಾಕೊಲೇಟು, ಮಕ್ಕಳಿಗೆಂದೇ ಮಾರುವ ಡಬ್ಬದ ಧಾನ್ಯದ ಹಿಟ್ಟು, ಇವುಗಳಲ್ಲಿ ಹಾಲಿನ ಪುಡಿ ಸಾಮಾನ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಮೋಸಹೋಗಬೇಡಿ. ಅದು ಸಸ್ಯಾಹಾರ ಎಂಬ ಗುರುತು. ನಮ್ಮ ದೇಶದ ನಿಯಮದಲ್ಲಿ ಹಾಲೂ ಸಸ್ಯಾಹಾರದಲ್ಲೇ ಸೇರಿದೆ. 2020ರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಆಹಾರದಲ್ಲಿ ಹಾಲಿದ್ದರೆ ಅದನ್ನು ಅಲರ್ಜಿ ತರುವ ವಸ್ತುವೆಂದು ಪದಾರ್ಥಗಳ ಪಟ್ಟಿಯ ಬಳಿ ಪ್ರತ್ಯೇಕವಾಗಿ ತಿಳಿಸಬೇಕು. ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಕೇಸಿನೇಟ್ ಎಂಬ ಹೆಸರುಗಳೆಲ್ಲ ಹಾಲಿನವೇ. ಇಂಗ್ಲಿಷ್ ಓದಲು ಬಾರದ ತಾಯಂದಿರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಬಹುದು. ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ಮಕ್ಕಳ ಕೈಗೆ ಬಿಸ್ಕತ್ತು, ಸಿಹಿ ಕೊಡುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಇನ್ನೊಬ್ಬರ ಮಗುವಿಗೆ ಕೊಡುವ ಮೊದಲು ಅದರ ತಾಯಿಯನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಎದೆಹಾಲನ್ನು ಮಾತ್ರ ಈ ಪಟ್ಟಿಗೆ ಸೇರಿಸಬಾರದು. ತಾಯಿ ಹಾಲು ಮೊಸರು ತಿಂದರೂ ಎದೆಹಾಲು ಕುಡಿದ ಮಗುವಿಗೆ ತೊಂದರೆ ಕಾಣದಿದ್ದರೆ ತಾಯಿ ಪಥ್ಯ ಮಾಡಬೇಕಾಗಿಲ್ಲ. ಎದೆಹಾಲಿನ ಮೂಲಕವೂ ತೊಂದರೆ ಆಗುತ್ತದೆಂದು ವೈದ್ಯರು ಖಚಿತಪಡಿಸಿದರೆ ಮಾತ್ರ ತಾಯಿಯೂ ಹಾಲು ಬಿಡಬೇಕು. ಆಗ ತಾಯಿಗೂ ಸುಣ್ಣದಂಶದ ಗುಳಿಗೆ ಬೇಕಾಗುತ್ತದೆ.

ರಕ್ತ ಪರೀಕ್ಷೆ ಹೇಳದ ಸಂಗತಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಸುಣ್ಣದಂಶ ಬೇಕು. ಹಸುವಿನ ಹಾಲಿನಲ್ಲಿ 100 ಗ್ರಾಮಿಗೆ ಸುಮಾರು 118 ಮಿ.ಗ್ರಾಂ. ಇರುತ್ತದೆ. ಆದ್ದರಿಂದ ಎರಡು ಸಣ್ಣ ಲೋಟ ಹಾಲು, ಒಂದಿಷ್ಟು ಮೊಸರು ತಿನ್ನುವ ಮಗುವಿಗೆ ಲೆಕ್ಕ ಹಾಕಬೇಕಾದ ಅಗತ್ಯವೇ ಬರುವುದಿಲ್ಲ. ಹಾಲು ನಿಂತ ದಿನವೇ ಅಗತ್ಯ ಶುರುವಾಗುತ್ತದೆ.

ರಕ್ತದಲ್ಲಿ ಸುಣ್ಣದಂಶ ನೋಡಿಸಿದೆವು, ಸರಿಯಾಗಿದೆ ಎಂದರು, ಇನ್ನೇಕೆ ಚಿಂತೆ ಎಂದು ಕೆಲವರು ಕೇಳಬಹುದು. ಇಲ್ಲೇ ಎಡವುವುದು. ರಕ್ತದಲ್ಲಿ ಸುಣ್ಣದಂಶ ಕಡಿಮೆಯಾದರೆ ಜೀವಕ್ಕೇ ಅಪಾಯವಾದ್ದರಿಂದ ದೇಹ ಅದನ್ನು ಕಾಪಾಡಿಕೊಳ್ಳುತ್ತದೆ. ಊಟದಲ್ಲಿ ಸಿಗದಿದ್ದನ್ನು ಮೂಳೆಯಿಂದ ಕಿತ್ತು ರಕ್ತಕ್ಕೆ ಕೊಡುತ್ತದೆ. ಪೆಟ್ಟಿಗೆಯ ಹಣ ತೆಗೆದು ದಿನಸಿ ತಂದಷ್ಟು ದಿನ ಅಡಿಗೆಮನೆ ತುಂಬಿಯೇ ಕಾಣುತ್ತದೆ. ರಕ್ತದ ವರದಿ ಸರಿಯಿರುವಾಗಲೇ ಮೂಳೆ ಸೊರಗುತ್ತಿರಬಹುದು. ಮಗು ಎಷ್ಟು ತಿನ್ನುತ್ತಿದೆ ಎಂಬುದನ್ನು ಬರೆದ ಪುಸ್ತಕ ಹೇಳಬಲ್ಲದು, ಆ ವರದಿ ಹೇಳಲಾರದು.

ಕೊರತೆ ಬಹುಕಾಲ ಮುಂದುವರಿದರೆ ಬರುವುದು ರಿಕೆಟ್ಸ್. ಬಿಸಿಲು ಸಾಕಷ್ಟಿದ್ದರೆ ಈ ರೋಗ ಬಾರದು ಎಂಬ ನಂಬಿಕೆ ಇದೆ. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವ ಬೇಕೇ ಬೇಕು, ನಿಜ. ಆದರೆ 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಒಮ್ಮತದ ಸಲಹೆ ಗಮನಿಸಬೇಕಾದದ್ದು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 300 ಮಿ.ಗ್ರಾಂ.ಗಿಂತ ಕಡಿಮೆ ಸುಣ್ಣದಂಶ ಸಿಗುತ್ತಿದ್ದರೆ, ಡಿ ಜೀವಸತ್ವ ಎಷ್ಟೇ ಇರಲಿ, ರಿಕೆಟ್ಸಿನ ಅಪಾಯ ಹೆಚ್ಚುತ್ತದೆ. 300ರಿಂದ 500 ಎಂದರೆ ಸಾಲದು. 500 ದಾಟಿದರೆ ಸಾಕು. ಈ ಮೂರು ಗೆರೆಗಳನ್ನು ನೆನಪಿಟ್ಟರೆ ಮುಂದಿನ ಲೆಕ್ಕವೆಲ್ಲ ಸುಲಭ.

ಒಂದು ಮಗುವಿನ ಲೆಕ್ಕ

ಹದಿನೆಂಟು ತಿಂಗಳ ಒಂದು ಹೆಣ್ಣು ಮಗುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಿಧಾನದ ಬಗೆಯ ಅಲರ್ಜಿ, ಬಿಡಿಸಿ ಮತ್ತೆ ಕೊಟ್ಟು ಖಚಿತವಾಗಿದೆ. ಬೆಳಿಗ್ಗೆ ರಾತ್ರಿ ಇನ್ನೂ ಎದೆಹಾಲು ಕುಡಿಯುತ್ತಾಳೆ. ಮೊದಲು ದಿನಕ್ಕೆ 300 ಮಿ.ಲೀ. ಹಾಲು, 50 ಗ್ರಾಂ ಮೊಸರು ನಡೆಯುತ್ತಿತ್ತು. ಅಷ್ಟರಿಂದಲೇ ಸುಮಾರು 410 ಮಿ.ಗ್ರಾಂ. ಸುಣ್ಣದಂಶ ಸಿಗುತ್ತಿತ್ತು. ಹಾಲು ನಿಲ್ಲಿಸಿದ ಮೇಲೆ ಮನೆಯವರು ಆ ಜಾಗಕ್ಕೆ ಗಂಜಿ ತಿಳಿ, ಅನ್ನ ಸಾರು ತಂದರು. ಆಗ ಒಂದು ದಿನದ ಲೆಕ್ಕ ಹೀಗೆ ಬರುತ್ತದೆ:

ರಾಗಿ ಹಿಟ್ಟು 15 ಗ್ರಾಂ: 55
ಅಕ್ಕಿ 60 ಗ್ರಾಂ: 5
ತೊಗರಿಬೇಳೆ 20 ಗ್ರಾಂ: 14
ತರಕಾರಿ, ಬಾಳೆಹಣ್ಣು: 20
ಎದೆಹಾಲು: 60
ಒಟ್ಟು: 154 ಮಿ.ಗ್ರಾಂ.

ಎದೆಹಾಲನ್ನು ಅಳೆಯಲಾಗದು. 100 ಮಿ.ಲೀ.ನಲ್ಲಿ ಸುಮಾರು 30 ಮಿ.ಗ್ರಾಂ. ಇರುತ್ತದೆ. ಎರಡು ಹೊತ್ತು ಕುಡಿಯುವ ಮಗುವಿಗೆ 200 ಮಿ.ಲೀ. ಎಂದು ಕೈಬಿಗಿಯಾಗಿಯೇ ಹಿಡಿದಿದ್ದೇವೆ. ಮಗುವಿನ ಭೇದಿ ನಿಂತಿದೆ, ಇಸುಬು ಮಾಯುತ್ತಿದೆ, ಹೊಟ್ಟೆಯೂ ತುಂಬುತ್ತಿದೆ. ಮನೆಯವರ ಕಣ್ಣಿಗೆ ಎಲ್ಲವೂ ಸರಿ. ಆದರೆ ಅವಳಿಗೆ ಸಿಗುತ್ತಿರುವುದು 300ರ ಗೆರೆಯ ಅರ್ಧದಷ್ಟು ಮಾತ್ರ. ಅಕ್ಕಿಯಿಂದ ಬಂದದ್ದು ಬರೀ 5 ಎಂಬುದನ್ನು ಗಮನಿಸಿ. ಹಾಲಿನ ಜಾಗಕ್ಕೆ ಗಂಜಿ ತಂದರೆ ಬಣ್ಣ ಮಾತ್ರ ಹಾಲಿನದಾಗುತ್ತದೆ.

ಈಗ ನಮ್ಮ ಹೊಲದಲ್ಲೇ ಬೆಳೆಯುವುದರಿಂದ ಇದನ್ನು ಎಷ್ಟು ತುಂಬಬಹುದು ನೋಡೋಣ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 364 ಮಿ.ಗ್ರಾಂ. ಸುಣ್ಣದಂಶವಿದೆ. ಧಾನ್ಯಗಳಲ್ಲಿ ಇಷ್ಟಿರುವುದು ಬೇರೆ ಯಾವುದೂ ನಮ್ಮ ಅಡಿಗೆಮನೆಯಲ್ಲಿಲ್ಲ. ನುಗ್ಗೆ ಸೊಪ್ಪಿನಲ್ಲಿ 314, ಹುರುಳಿಯಲ್ಲಿ 269. ಹೊಸ ಪಟ್ಟಿ ಹೀಗಾಗುತ್ತದೆ:

ರಾಗಿ ಹಿಟ್ಟು 45 ಗ್ರಾಂ, ಮೂರು ಹೊತ್ತಿಗೆ ಹಂಚಿ: 164
ನುಗ್ಗೆ ಸೊಪ್ಪು 20 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ: 63
ಹುರುಳಿ 15 ಗ್ರಾಂ, ಬೇಯಿಸಿ ಚೆನ್ನಾಗಿ ಮಸೆದು: 40
ಅನ್ನ, ತರಕಾರಿ, ಹಣ್ಣು: 25
ಎದೆಹಾಲು: 60
ಒಟ್ಟು: 352 ಮಿ.ಗ್ರಾಂ.

154 ಇದ್ದದ್ದು 352 ಆಯಿತು. ಅಪಾಯದ ಗೆರೆ ದಾಟಿತು, ಸಾಕೆನ್ನುವ ಗೆರೆ ಮುಟ್ಟಲಿಲ್ಲ. ಇನ್ನೂ ಸುಮಾರು 150 ಮಿ.ಗ್ರಾಂ. ಬೇಕು. ಅದನ್ನೂ ರಾಗಿಯಿಂದಲೇ ತುಂಬುತ್ತೇವೆಂದು ಹೊರಟರೆ ದಿನಕ್ಕೆ 85 ಗ್ರಾಂ ಹಿಟ್ಟು ಆ ಪುಟ್ಟ ಹೊಟ್ಟೆಗೆ ಹಾಕಬೇಕಾಗುತ್ತದೆ. ಆಗ ಬೇಳೆ, ಮೊಟ್ಟೆ, ಎಣ್ಣೆಗೆ ಜಾಗವಿರುವುದಿಲ್ಲ. ಹಾಲಿನ ಜೊತೆ ದಿನಕ್ಕೆ ಹತ್ತು ಗ್ರಾಮಿನಷ್ಟು ಪ್ರೋಟೀನೂ ಹೋಗಿದೆ ಎಂಬುದನ್ನು ಮರೆಯಬಾರದು. ಅದನ್ನು ದಿನಕ್ಕೊಂದು ಮೊಟ್ಟೆ ಮತ್ತು ಬೇಳೆಕಾಳು ತುಂಬಬೇಕು. ಆದ್ದರಿಂದ ಮನೆಯ ಊಟವನ್ನು ಇಷ್ಟು ಸರಿಪಡಿಸಿಕೊಂಡು ಉಳಿದ ಕೊರತೆಗೆ ಔಷಧಿಯ ಸುಣ್ಣದಂಶ ಪಡೆಯುವುದೇ ಸರಿಯಾದ ದಾರಿ. ರಾಗಿ ನಮ್ಮ ಬೆಳೆ ಎಂಬ ಅಭಿಮಾನ ನಮಗೂ ಇದೆ. ಆದರೆ ರಾಗಿಯೊಂದೇ ಸಾಕು ಎಂದು ಹೇಳಲು ಲೆಕ್ಕ ಬಿಡುವುದಿಲ್ಲ.

ಔಷಧಿಯ ಸೀಸೆ ಓದುವಾಗ ಒಂದು ಎಚ್ಚರಿಕೆ. ಸುಣ್ಣದಂಶದ ದ್ರವದ ಸೀಸೆಯ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ 625 ಮಿ.ಗ್ರಾಂ. ಎಂದಿದ್ದು, ಅದರ ಕೆಳಗೆ ಧಾತುರೂಪದ ಕ್ಯಾಲ್ಸಿಯಂ 250 ಮಿ.ಗ್ರಾಂ. ಎಂದಿರುತ್ತದೆ. ಮಗುವಿಗೆ ದಕ್ಕುವ ಲೆಕ್ಕಕ್ಕೆ ಬರುವುದು ಎರಡನೆಯದು. ಕಾರ್ಬೊನೇಟಿನಲ್ಲಿ ನೂರಕ್ಕೆ ನಲವತ್ತು ಪಾಲು ಮಾತ್ರ ಸುಣ್ಣದಂಶ. ದೊಡ್ಡ ಸಂಖ್ಯೆ ಬರೆದುಕೊಂಡರೆ ಕೊರತೆ ಮುಚ್ಚಿಹೋಗಿ ಪುಸ್ತಕವೇ ಸುಳ್ಳು ಹೇಳುತ್ತದೆ. ನಮ್ಮ ಉದಾಹರಣೆಯ ಮಗುವಿಗೆ 5 ಮಿ.ಲೀ.ಯಲ್ಲಿ 250 ಇರುವ ದ್ರವವನ್ನು ವೈದ್ಯರು ಎರಡೂವರೆ ಮಿ.ಲೀ.ಯಂತೆ ಎರಡು ಹೊತ್ತು ಊಟದ ಜೊತೆ ಬರೆದುಕೊಟ್ಟರೆ ಒಟ್ಟು 602 ಆಗುತ್ತದೆ. ರಾಗಿ ಮತ್ತು ಸೊಪ್ಪಿನ ಸುಣ್ಣದಂಶ ಪೂರ್ತಿ ಮೈಗೆ ಹತ್ತುವುದಿಲ್ಲವಾದ್ದರಿಂದ ಆ ನೂರರ ಹೆಚ್ಚಳ ಇರಲೇಬೇಕಾದದ್ದು. ಪ್ರಮಾಣ ನಿರ್ಧರಿಸುವವರು ವೈದ್ಯರೇ. ಕಬ್ಬಿಣಾಂಶದ ಹನಿಯೂ ನಡೆಯುತ್ತಿದ್ದರೆ ಎರಡರ ನಡುವೆ ಎರಡು ಗಂಟೆ ಬಿಡುವು ಕೊಡಬೇಕು. ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲ. ಡಿ ಜೀವಸತ್ವದ ಹನಿ ಬೇಕೇ ಎಂದೂ ಆಗಲೇ ಕೇಳಿ ಬರೆಸಿಕೊಳ್ಳಿ.

ಅಂಗಡಿಯಲ್ಲಿ ಸಿಗುವ ಸೋಯಾ ಹಾಲು ಕೊಡಬಹುದೇ ಎಂದು ಕೇಳುವವರುಂಟು. ಸುಣ್ಣದಂಶ ಸೇರಿಸಿದ್ದು ಎಂದು ಪೊಟ್ಟಣದ ಮೇಲೆ ಪ್ರಮಾಣಸಹಿತ ಬರೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಮನೆಯಲ್ಲಿ ರುಬ್ಬಿ ತೆಗೆದ ಸೋಯಾ ಹಾಲು, ತೆಂಗಿನ ಹಾಲುಗಳಲ್ಲಿ ಹೇಳಿಕೊಳ್ಳುವಷ್ಟು ಸುಣ್ಣದಂಶವಿಲ್ಲ. ನಿಧಾನದ ಬಗೆಯ ಅಲರ್ಜಿಯ ಕೆಲವು ಮಕ್ಕಳಿಗೆ ಸೋಯಾ ಕೂಡ ಆಗದು. ಆದ್ದರಿಂದ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಒಂದು ವರ್ಷದೊಳಗಿನ ಶಿಶುವಿಗೆ ಎದೆಹಾಲು ಸಾಲದಿದ್ದರೆ ಈ ಪಟ್ಟಿ ಯಾವುದೂ ಸಾಲದು. ಅವರಿಗೆ ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಹಾಲಿನ ಪುಡಿಯೇ ಬೇಕಾಗುತ್ತದೆ.

ಬರೆಯುವಾಗ ಆಗುವ ತಪ್ಪುಗಳು

ಮೊದಲನೆಯದು ಮುದ್ದೆಯ ತೂಕವನ್ನು ಹಿಟ್ಟಿನ ತೂಕವೆಂದು ಬರೆಯುವುದು. ಮುದ್ದೆಯಲ್ಲಿ ಹೆಚ್ಚಿನ ಪಾಲು ನೀರು. 100 ಗ್ರಾಂ ಮುದ್ದೆಯಲ್ಲಿ ಹಿಟ್ಟು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಆದ್ದರಿಂದ ಸುಣ್ಣದಂಶ 364 ಅಲ್ಲ, ಸುಮಾರು 120. ಅಂಬಲಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಬೇಯಿಸುವ ಮೊದಲೇ ಮಗುವಿನ ಪಾಲಿನ ಹಿಟ್ಟನ್ನು ಅಳೆದು ಬರೆಯಬೇಕು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಒಂದು ಚಮಚವನ್ನು ಅಂಗಡಿಗೆ ಒಯ್ದು, ಅದರಲ್ಲಿ ಹತ್ತು ಸಲ ತಲೆ ಸವರಿ ಹಿಟ್ಟು ತುಂಬಿ ತೂಗಿಸಿ, ಹತ್ತರಿಂದ ಭಾಗಿಸಿಕೊಳ್ಳಿ. ಆಮೇಲೆ ಆ ಚಮಚವೇ ನಿಮ್ಮ ತೂಕದ ಕಲ್ಲು.

ಎರಡನೆಯದು ಹುರುಳಿ ಸಾರನ್ನು ಹುರುಳಿಯೆಂದು ಬರೆಯುವುದು. ಬಸಿದ ಕಟ್ಟಿನಲ್ಲಿ ರುಚಿ ಇರುತ್ತದೆ, ಸುಣ್ಣದಂಶದ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಮಗು ಮಸೆದ ಕಾಳು ತಿಂದರೆ ಮಾತ್ರ ಬರೆಯಿರಿ. ಹಾಗೆಯೇ ರಾಗಿ ಸರಿ ಮಾಡುವಾಗ ಬಟ್ಟೆಯಲ್ಲಿ ಸೋಸುವ ಪದ್ಧತಿ ನಮ್ಮಲ್ಲಿದೆ. ಆರೇಳು ತಿಂಗಳ ಕೂಸಿಗೆ ಅದು ಸರಿ. ಆದರೆ ರಾಗಿಯ ಸುಣ್ಣದಂಶ ಹೆಚ್ಚಾಗಿ ಹೊಟ್ಟಿನಲ್ಲೇ ಇದೆ. ಒಂದು ವರ್ಷ ದಾಟಿದ ಮಗುವಿಗೆ ಬಟ್ಟೆಯಲ್ಲಿ ಸೋಸದ ಹಿಟ್ಟೇ ಒಳ್ಳೆಯದು. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಅದರಲ್ಲಿರುವ ಸುಣ್ಣದಂಶ ಹೆಚ್ಚು ಚೆನ್ನಾಗಿ ಮೈಗೆ ಹತ್ತುತ್ತದೆ.

ಮೂರನೆಯದು ಎಲ್ಲ ಸೊಪ್ಪನ್ನೂ ಒಂದೇ ಎಂದು ತಿಳಿಯುವುದು. ದಂಟಿನ ಸೊಪ್ಪಿನಲ್ಲಿ ಪಟ್ಟಿಯ ಪ್ರಕಾರ ನುಗ್ಗೆ ಸೊಪ್ಪಿನಷ್ಟೇ ಸುಣ್ಣದಂಶವಿದೆ. ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಹುಳಿ ಆ ಸುಣ್ಣವನ್ನು ಹಿಡಿದುಕೊಂಡು ಹೊರಗೆ ಹೋಗಿಬಿಡುತ್ತದೆ. ಸಿಪ್ಪೆಯ ಎಳ್ಳಿನ ಕತೆಯೂ ಇದೇ. ಅವನ್ನು ತಿನ್ನಿಸಬಾರದೆಂದಲ್ಲ, ಲೆಕ್ಕದಲ್ಲಿ ಪೂರ್ತಿ ಹಿಡಿಯಬಾರದು.

ನಾಲ್ಕನೆಯದು ಬಡಿಸಿದ್ದನ್ನು ಬರೆದು ಉಳಿಸಿದ್ದನ್ನು ಮರೆಯುವುದು. ಮಗು ಅರ್ಧ ಬಿಟ್ಟರೆ ಅರ್ಧವೇ ಬರೆಯಬೇಕು. ತೋರಿಕೆಗೆ ತುಂಬಿಸಿದ ಪುಸ್ತಕ ವೈದ್ಯರಿಗೆ ಉಪಯೋಗವಿಲ್ಲ.

ಪುಸ್ತಕ ಹೇಗಿರಬೇಕು

ಇಷ್ಟೆಲ್ಲ ಬರೆಯಲು ಹೊಲಗದ್ದೆಯ ಹೆಂಗಸರಿಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಪ್ರತಿದಿನ ಬರೆಯಬೇಕಾಗಿಲ್ಲ. ಹಾಲು ಬಿಡಿಸಿದ ಮೊದಲ ತಿಂಗಳಲ್ಲಿ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಮೂರು ದಿನ ಬರೆದರೆ ಸಾಕು. ಆ ಮೂರರಲ್ಲಿ ಎರಡು ಕೆಲಸದ ದಿನ, ಒಂದು ಭಾನುವಾರ ಇರಲಿ. ಭಾನುವಾರದ ಊಟವೇ ಬೇರೆ. ಮೂರು ದಿನದ ಒಟ್ಟನ್ನು ಮೂರರಿಂದ ಭಾಗಿಸಿದರೆ ಒಂದು ದಿನದ ಸರಾಸರಿ. ನಮ್ಮ ಮನೆಗಳಲ್ಲಿ ಡೈರಿಗೆ ಹಾಕಿದ ಹಾಲಿನ ಲೀಟರು, ಕೊಬ್ಬಿನ ಅಂಶವನ್ನು ದಿನಕ್ಕೆ ಎರಡು ಹೊತ್ತು ಬರೆಸಿಕೊಳ್ಳುವ ಪುಸ್ತಕ ಇದ್ದೇ ಇದೆ. ಮನೆಯಿಂದ ಹೊರಗೆ ಹೋದ ಅರ್ಧ ಲೀಟರಿಗೂ ಲೆಕ್ಕವಿಡುವವರು ಮಗುವಿನ ಹೊಟ್ಟೆಗೆ ಹೋದದ್ದಕ್ಕೆ ವರ್ಷದಲ್ಲಿ ಹದಿನೈದು ದಿನ ಲೆಕ್ಕವಿಡುವುದು ಹೆಚ್ಚೇನಲ್ಲ.

ನಾಲ್ಕು ಸಾಲು ಗೆರೆ ಎಳೆಯಿರಿ: ಹೊತ್ತು, ತಿನಿಸು, ತಿಂದ ಅಳತೆ, ಸುಣ್ಣದಂಶ. ಕೆಳಗೆ ಆ ದಿನದ ಮಲ, ಚರ್ಮ, ವಾಂತಿಯ ಬಗ್ಗೆ ಒಂದು ಮಾತು. ಕೊನೆಯ ಪುಟದಲ್ಲಿ ಮಗುವಿನ ತೂಕ ಮತ್ತು ಉದ್ದ, ಅಂಗನವಾಡಿಯಲ್ಲಿ ತೂಗಿದ ದಿನಾಂಕದೊಡನೆ. ತಾಯಿ ಮಗು ರಕ್ಷಣಾ ಕಾರ್ಡಿನ ಬೆಳವಣಿಗೆಯ ಗೆರೆ ಎರಡು ಸಲ ಸತತವಾಗಿ ಏರದೆ ಮಲಗಿದರೆ ಮೂರು ತಿಂಗಳು ಕಾಯಬೇಡಿ, ತೋರಿಸಿ. ಒಂದೂವರೆ ವರ್ಷ ದಾಟಿದರೂ ನೆತ್ತಿಯ ಮೆತ್ತನೆಯ ಭಾಗ ಮುಚ್ಚದಿರುವುದು, ಮಣಿಕಟ್ಟು ದಪ್ಪವಾಗುವುದು, ಕಾಲು ಬಿಲ್ಲಿನಂತೆ ಬಾಗುವುದು, ನಡೆಯುತ್ತಿದ್ದ ಮಗು ನಡೆಯಲು ಹಟಮಾಡುವುದು, ಇವು ಕಂಡರೂ ಹಾಗೆಯೇ.

ನಮ್ಮ ಗಡಿಭಾಗದವರಿಗೆ ಈ ಪುಸ್ತಕದಿಂದ ಇನ್ನೊಂದು ಉಪಕಾರವಿದೆ. ಮನೆಯಲ್ಲಿ ನಾವಾಡುವುದು ಕನ್ನಡ, ಆರೋಗ್ಯ ಕೇಂದ್ರದ ನರ್ಸಮ್ಮ ಮಾತಾಡುವುದು ತಮಿಳು, ವೈದ್ಯರ ಚೀಟಿ ಇಂಗ್ಲಿಷ್. ಇಲ್ಲಿ ಆಗದಿದ್ದರೆ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತೇವೆ, ಅಲ್ಲಿ ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕು. ಮಾತಿನಲ್ಲಿ ಹೇಳುವಾಗ ಚೆನ್ನಾಗಿ ತಿನ್ನುತ್ತದೆ ಎಂಬುದು ಎಲ್ಲ ಭಾಷೆಯಲ್ಲೂ ಒಂದೇ ಥರ ಕೇಳುತ್ತದೆ, ಏನನ್ನೂ ತಿಳಿಸುವುದಿಲ್ಲ. ದಿನಕ್ಕೆ 352 ಎಂದು ಬರೆದಿದ್ದರೆ ಅದನ್ನು ಯಾರೂ ಭಾಷಾಂತರಿಸಬೇಕಾಗಿಲ್ಲ.

ಮುಗಿಯುವ ದಿನಾಂಕ

ಕೊನೆಯದಾಗಿ, ಪುಸ್ತಕದ ಮೊದಲ ಪುಟದಲ್ಲೇ ಒಂದು ದಿನಾಂಕ ಬರೆಸಿಕೊಳ್ಳಬೇಕೆಂದು ನಾವು ಒತ್ತಿ ಹೇಳುತ್ತೇವೆ. ಅದು ಮತ್ತೆ ಹಾಲು ಕೊಟ್ಟು ನೋಡಬೇಕಾದ ದಿನಾಂಕ. ಹಾಲಿನ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ಬಿಟ್ಟುಹೋಗುತ್ತದೆ. ನಿಧಾನದ ಬಗೆಯದು ಬೇಗ, ಕೂಡಲೇ ಕಾಣಿಸುವುದು ತಡವಾಗಿ. ಆದ್ದರಿಂದ ಆರು ತಿಂಗಳಿಂದ ಒಂದು ವರ್ಷಕ್ಕೊಮ್ಮೆ ವೈದ್ಯರು ಮರುಪರಿಶೀಲನೆ ಮಾಡಬೇಕು. ನಿಧಾನದ ಬಗೆಯಲ್ಲಿ ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿರುವ ಚೂರು ಹಾಲಿನಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೊಸರು, ಕೊನೆಗೆ ಹಾಲಿಗೆ ಬರುವ ಕ್ರಮವಿದೆ. ಯಾವ ಮೆಟ್ಟಿಲಲ್ಲಿ ಏನಾಯಿತು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ತೊಂದರೆ ಮರಳಿದರೆ ಹಿಂದಿನ ಮೆಟ್ಟಿಲಿಗೆ ಇಳಿದು ಕೆಲವು ತಿಂಗಳು ತಡೆಯಬೇಕು.

ದಿನಾಂಕವಿಲ್ಲದ ಪಥ್ಯ ಬಾಯಿಂದ ಬಾಯಿಗೆ ಹರಡಿ ಮಗುವಿನ ಹೆಸರಿಗೇ ಅಂಟಿಕೊಳ್ಳುತ್ತದೆ. ಇದಕ್ಕೆ ಹಾಲಾಗದು ಎಂದು ಐದಾರು ವರ್ಷದವರೆಗೂ ಸುಮ್ಮನೆ ನಡೆದುಬರುತ್ತದೆ. ಆದ್ದರಿಂದ ಮುಂದಿನ ಸಲ ಹಾಲು ನಿಲ್ಲಿಸಿ ಎಂಬ ಚೀಟಿ ಕೈಗೆ ಬಂದಾಗ ಕುರ್ಚಿಯಿಂದ ಏಳುವ ಮೊದಲು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಸಂಖ್ಯೆಯಲ್ಲಿ ಬರೆಸಿಕೊಳ್ಳಿ: ದಿನಕ್ಕೆ ಎಷ್ಟು ಸುಣ್ಣದಂಶ, ಅದರಲ್ಲಿ ಊಟದಿಂದ ಎಷ್ಟು, ಸೀಸೆಯಿಂದ ಎಷ್ಟು, ಮತ್ತೆ ಹಾಲು ಕೊಟ್ಟು ನೋಡುವುದು ಯಾವಾಗ.